ನಲವತ್ತೇಳು ನಿಮಿಷ: ಪೋಷಕರಿಗೆ ಹೋದ ಒಂದು ಪತ್ರವನ್ನು ತಿದ್ದಿದ ಬಗೆ

ಮಧ್ಯಾಹ್ನ ಹನ್ನೆರಡೂವರೆಗೆ ಪ್ರಾಂಶುಪಾಲರು ನನ್ನನ್ನು ಕರೆಸಿ ಒಂದು ಹಾಳೆ ಮುಂದಿಟ್ಟರು. "ಮೇಷ್ಟ್ರೇ, ಕನ್ನಡ ಸರಿಯಾಗಿದೆಯೇ ನೋಡಿಕೊಡಿ. ಮಕ್ಕಳು ಮನೆ ಸೇರುವ ಮೊದಲು ಇದು ಪೋಷಕರಿಗೆ ತಲುಪಬೇಕು." ದಕ್ಷಿಣ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ, ಸುತ್ತೋಲೆಗಳ ಕನ್ನಡವೂ ನನ್ನ ಪಾಲಿಗೇ ಬರುತ್ತದೆ. ಹಾಳೆಯಲ್ಲಿ ಹೀಗಿತ್ತು:

"ಇಂದು ಬೆಳಿಗ್ಗೆ ನಮ್ಮ ಶಾಲಾ ಬಸ್ಸೊಂದರಲ್ಲಿ ಸಣ್ಣ ಅಚಾತುರ್ಯ ಸಂಭವಿಸಿದ್ದು, ಮಗುವೊಂದು ನಿದ್ರೆ ಹೋಗಿದ್ದರಿಂದ ಸ್ವಲ್ಪ ಹೊತ್ತು ಬಸ್ಸಿನಲ್ಲಿಯೇ ಉಳಿದುಕೊಂಡಿತ್ತು. ಮಗು ಸಂಪೂರ್ಣ ಸುರಕ್ಷಿತವಾಗಿದೆ. ಪೋಷಕರು ಆತಂಕಪಡುವ ಅಗತ್ಯವಿಲ್ಲ. ವದಂತಿಗಳಿಗೆ ಕಿವಿಗೊಡಬಾರದು. ತಪ್ಪಿತಸ್ಥರ ವಿರುದ್ಧ ಕಟ್ಟುನಿಟ್ಟಿನ ಕ್ರಮ ಕೈಗೊಳ್ಳಲಾಗುವುದು."

ಕನ್ನಡದಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಆದರೆ 'ಸ್ವಲ್ಪ ಹೊತ್ತು' ಎಂದರೆ ಎಷ್ಟು ಹೊತ್ತು ಎಂದು ಕೇಳಿದಾಗ ಕೋಣೆಯಲ್ಲಿದ್ದ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಚಾಲಕರು "ಇಪ್ಪತ್ತು ನಿಮಿಷ ಇರಬಹುದು" ಎಂದಿದ್ದರಂತೆ. ಪತ್ರ ತಿದ್ದುವ ಮೊದಲು ಇದನ್ನು ತಿಳಿದುಕೊಳ್ಳೋಣ ಎಂದು ಕಾವಲುಗಾರರ ಕೋಣೆಗೆ ಹೋದೆ.

ಬಸ್ಸಿನ ಬಾಗಿಲು ಮುಚ್ಚಿದ್ದು ಕ್ಯಾಮೆರಾದಲ್ಲಿ 8.23ಕ್ಕೆ. ಮರೆತ ಊಟದ ಡಬ್ಬಿಗಾಗಿ ಚಾಲಕರು ಮರಳಿ ಬಂದು, ಅಳು ಕೇಳಿ, ಮಗುವನ್ನು ಎತ್ತಿಕೊಂಡು ಇಳಿದದ್ದು 9.10ಕ್ಕೆ. ನನ್ನ ಮೊಬೈಲಿನೊಂದಿಗೆ ತಾಳೆ ಹಾಕಿದಾಗ ಕ್ಯಾಮೆರಾದ ಗಡಿಯಾರ ನಾಲ್ಕು ನಿಮಿಷ ಮುಂದಿದ್ದುದು ಗೊತ್ತಾಯಿತು. ಹಾಗಾಗಿ ನಿಜವಾದ ವೇಳೆ 8.19 ಮತ್ತು 9.06. ಎರಡೂ ಒಂದೇ ಗಡಿಯಾರದವು, ನಡುವಿನ ಅವಧಿ ಬದಲಾಗುವುದಿಲ್ಲ: ನಲವತ್ತೇಳು ನಿಮಿಷ. ಆತುರದಲ್ಲಿ ಒಂದು ವೇಳೆಯನ್ನು ಕ್ಯಾಮೆರಾದಿಂದಲೂ ಇನ್ನೊಂದನ್ನು ಗೇಟಿನ ದಾಖಲೆ ಪುಸ್ತಕದಿಂದಲೂ ಎತ್ತಿಕೊಂಡಿದ್ದರೆ ಪತ್ರದಲ್ಲೇ ತಪ್ಪು ಲೆಕ್ಕ ಹೋಗುತ್ತಿತ್ತು. ಅದನ್ನು ಯಾರಾದರೂ ಪೋಷಕರು ಹಿಡಿದ ಮೇಲೆ ಉಳಿದ ಸಾಲುಗಳನ್ನು ನಂಬುವವರು ಯಾರು?

ಇನ್ನೊಂದು ಸಂಗತಿ ಹಾಜರಿ ಪುಸ್ತಕದಲ್ಲಿ ಸಿಕ್ಕಿತು. ತರಗತಿಯ ಶಿಕ್ಷಕಿ 8.40ಕ್ಕೇ ಆ ಮಗುವಿಗೆ ಗೈರುಹಾಜರಿ ಹಾಕಿದ್ದರು. ಆದರೆ ಗೈರಾದ ಮಕ್ಕಳ ಮನೆಗೆ ಸಂದೇಶ ಹೋಗುವುದು ಹತ್ತು ಗಂಟೆಗೆ. ಬಸ್ ಹತ್ತಿದ ಮಗು ತರಗತಿಗೆ ಬಂದಿಲ್ಲ ಎಂಬುದು 8.40ಕ್ಕೆ ಶಾಲೆಗೆ ತಿಳಿಯಬಹುದಿತ್ತು, ತಿಳಿಯಲಿಲ್ಲ.

ಆಮೇಲೆ ಕುಳಿತು ಮೊದಲ ವಾಕ್ಯ ಹಿಡಿದೆ. 'ನಿದ್ರೆ ಹೋಗಿದ್ದರಿಂದ ಉಳಿದುಕೊಂಡಿತ್ತು' ಎನ್ನುವಾಗ ಆ 'ದ್ದರಿಂದ' ಕಾರಣವನ್ನು ಮಗುವಿನ ಮೇಲೆ ಹೊರಿಸುತ್ತದೆ. 'ಉಳಿದುಕೊಂಡಿತ್ತು' ಎಂಬ ಕ್ರಿಯಾಪದದಲ್ಲಿ ಮಾಡಿದ್ದೂ ಮಗುವೇ. ಬಾಗಿಲು ಮುಚ್ಚಿದವರು ವಾಕ್ಯದಲ್ಲೇ ಇಲ್ಲ. 'ಸಂಭವಿಸಿದೆ', 'ಕೈಗೊಳ್ಳಲಾಗುವುದು' ಎಂಬ ಕಚೇರಿ ಕನ್ನಡವೂ ಹೀಗೆಯೇ, ಕರ್ತೃವನ್ನು ನಯವಾಗಿ ಮರೆಮಾಡುತ್ತದೆ. ನಾನು ಬರೆದದ್ದು:

"ಇಂದು ಬೆಳಿಗ್ಗೆ 8.19ಕ್ಕೆ ನಮ್ಮ ಸಿಬ್ಬಂದಿ ಬಸ್ ಖಾಲಿಯಾಗಿದೆಯೇ ಎಂದು ನೋಡದೆ ಬಾಗಿಲು ಮುಚ್ಚಿದರು. ಹಿಂದಿನ ಸೀಟಿನಲ್ಲಿ ಪ್ರಾಥಮಿಕ ವಿಭಾಗದ ಒಂದು ಮಗು ನಿದ್ದೆ ಮಾಡುತ್ತಿತ್ತು. ಚಾಲಕರು 9.06ಕ್ಕೆ ಮರಳಿ ಬಂದಾಗ ಮಗು ಕಂಡಿತು. ನಲವತ್ತೇಳು ನಿಮಿಷ ಮಗು ಬಸ್ಸಿನಲ್ಲಿ ಒಂಟಿಯಾಗಿತ್ತು. ಬಸ್ ನೆರಳಿನಲ್ಲಿತ್ತು, ಎರಡು ಕಿಟಕಿಗಳು ತೆರೆದಿದ್ದವು."

ಕಿಟಕಿಯ ಸಾಲನ್ನು ಎಲ್ಲಿಡಬೇಕೆಂದು ಬಹಳ ಹೊತ್ತು ಒದ್ದಾಡಿದೆ. ಅದು ಸತ್ಯ, ಪೋಷಕರು ಮೊದಲು ಕೇಳುವುದೂ ಅದನ್ನೇ. ಆದರೆ ನಿಮಿಷಗಳಿಗಿಂತ ಮೊದಲು ಬಂದರೆ ಸಮಜಾಯಿಷಿಯಾಗುತ್ತದೆ. ಹಿಂದೆ 'ಅದೃಷ್ಟವಶಾತ್' ಸೇರಿಸಿದರೆ ಇನ್ನೂ ಕೆಟ್ಟದು. ನಿಮಿಷಗಳ ನಂತರ ಬರಿದಾಗಿ ಇಟ್ಟೆ. ಅತ್ತ ಕಡೆ ನನ್ನದೂ ಒಂದು ಅತಿರೇಕವಿತ್ತು: ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಶಾಖ ಏರುತ್ತದೆ ಎಂದು ಬರೆದಿದ್ದೆ. ಮಾತು ನಿಜ, ಆದರೆ ಅಂದು ನಡೆದದ್ದು ಅದಲ್ಲ. ಹೊಡೆದುಹಾಕಿದೆ.

'ಸಂಪೂರ್ಣ ಸುರಕ್ಷಿತ' ಎನ್ನಲು ನಾವು ವೈದ್ಯರಲ್ಲ. ಅದರ ಬದಲು ಗೊತ್ತಿದ್ದಷ್ಟನ್ನು ಬರೆದೆ: ಮಗು ಅತ್ತು ಬಳಲಿತ್ತು, ಶಾಲೆಯ ನರ್ಸ್ ನೋಡಿದಾಗ ಗಾಯ ಕಾಣಲಿಲ್ಲ, ತಂದೆ ತಾಯಿ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ದಿದ್ದಾರೆ. 'ಆತಂಕಪಡುವ ಅಗತ್ಯವಿಲ್ಲ' ಎಂಬುದನ್ನು ತೆಗೆದೆ. ವದಂತಿಯ ಸಾಲನ್ನೂ ತೆಗೆದೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದಾಗ ಪೋಷಕರು ಶಾಲೆಗಳತ್ತ ಓಡಿದ್ದು ನೆನಪಿದೆಯಲ್ಲ. ಗಾಬರಿಯಾದವರಿಗೆ ಗಾಬರಿಯಾಗಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಅದರ ಜಾಗದಲ್ಲಿ "ಇದು ಮಧ್ಯಾಹ್ನ 2 ಗಂಟೆಯವರೆಗೆ ನಮಗೆ ತಿಳಿದಿರುವುದು" ಎಂದು ಹಾಕಿದೆ.

ಹಾಜರಿಯ ಸಂಗತಿಗೆ ಪ್ರಾಂಶುಪಾಲರು ಪೆನ್ನು ಕೆಳಗಿಟ್ಟರು. "ಇದನ್ನು ಬರೆದರೆ ನಮ್ಮ ತಲೆಯ ಮೇಲೆ ನಾವೇ ಕಲ್ಲು ಎತ್ತಿಹಾಕಿಕೊಂಡಂತೆ."

"ಆ ತಾಯಿಗೆ ಆಗಲೇ ಗೊತ್ತಿದೆ ಮೇಡಂ," ಎಂದೆ. ಹತ್ತು ಗಂಟೆಗೆ ಅವರು ನರ್ಸ್ ಕೋಣೆಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದಾಗ "ನಿಮ್ಮ ಮಗು ಇಂದು ಗೈರುಹಾಜರಾಗಿದೆ" ಎಂಬ ಸಂದೇಶ ಅವರ ಮೊಬೈಲಿಗೆ ಬಂದಿತ್ತು. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ ಬಿಡಿ" ಎಂದರು.

ಆಡಳಿತ ಮಂಡಳಿಯವರು ಫೋನಿನಲ್ಲಿ 'ಕ್ಷಮೆ' ಬೇಡ, 'ವಿಷಾದ' ಸಾಕು ಎಂದರು. ಮಳೆಯಿಂದ ಕ್ರೀಡಾದಿನ ಮುಂದೂಡಿದಾಗ ನಾವು ಬಳಸುವ ಪದ ವಿಷಾದ. ಕೊನೆಗೆ ಕ್ಷಮೆಯನ್ನು ಸಾಬೀತಾದ ಎರಡಕ್ಕೇ ಕಟ್ಟಿದೆವು: ಬಸ್ ಪರೀಕ್ಷಿಸದೆ ಬಾಗಿಲು ಹಾಕಿದ್ದು ಮತ್ತು ಗೈರುಹಾಜರಿ ತಿಳಿದೂ ವಿಚಾರಿಸದಿದ್ದದ್ದು. ವಿಚಾರಣೆ ಮುಗಿಯದೆ 'ತಪ್ಪಿತಸ್ಥರು' ಎನ್ನಬಾರದೆಂದು, ಚಾಲಕರೂ ಅಂದು ಬದಲಿಯಾಗಿ ಬಂದಿದ್ದ ಸಹಾಯಕಿಯೂ ಸದ್ಯ ಬಸ್ ಕೆಲಸದಲ್ಲಿಲ್ಲ ಎಂದಷ್ಟೇ ಬರೆದೆವು. ನಾಳೆಯಿಂದ ಮಾಡುವುದು ಎರಡೇ: ಮಕ್ಕಳು ಇಳಿದ ಮೇಲೆ ಚಾಲಕರು ಕೊನೆಯ ಸೀಟಿನವರೆಗೆ ನಡೆದು ನೋಡಿ ಸಹಿ ಹಾಕುವುದು, ಗೈರಾದ ಮಕ್ಕಳ ಮನೆಗೆ 8.50ಕ್ಕೆ ಫೋನ್ ಮಾಡುವುದು.

ಕಳಿಸುವ ಮೊದಲು ತಾಯಿಗೆ ಫೋನಿನಲ್ಲಿ ಓದಿ ಹೇಳಿದೆ. ನಾನು ಬಸ್ ಮಾರ್ಗದ ಸಂಖ್ಯೆ ಹಾಕಿದ್ದೆ. "ಆ ಬಸ್ಸಿನಲ್ಲಿ ಅಷ್ಟು ಚಿಕ್ಕ ಮಕ್ಕಳು ಇಬ್ಬರೇ ಸರ್," ಎಂದರು. ನನಗೆ ಹೊಳೆದೇ ಇರಲಿಲ್ಲ. ತೆಗೆದೆ. ಕನ್ನಡದಲ್ಲಿ 'ಮಗು' ಎಂದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಆದರೆ ಇಂಗ್ಲಿಷ್ ಪ್ರತಿಯಲ್ಲಿ ಅದು ಎರಡು ಕಡೆ ಬಯಲಾಗಿತ್ತು, ಅದನ್ನೂ ಸರಿಪಡಿಸಿದೆವು. 'ಅತ್ತು ಬಳಲಿತ್ತು' ಎಂಬುದು ನೋವು ತರಬಹುದೆಂದು ತೆಗೆಯಲೇ ಎಂದು ಕೇಳಿದೆ. "ಬೇಡ, ಇರಲಿ. ಅತ್ತದ್ದು ನಿಜ ತಾನೇ," ಎಂದರು.

ಪತ್ರ 2.40ಕ್ಕೆ ಹೋಯಿತು. ಸಂಜೆಯವರೆಗೆ ಫೋನ್ ಬರುತ್ತಲೇ ಇತ್ತು, ಕೆಲವರು ಕೂಗಾಡಿದರು. ಆದರೆ 'ಎಷ್ಟು ಹೊತ್ತು' ಎಂದು ಯಾರೂ ಕೇಳಲಿಲ್ಲ. ಬದಲಿ ಸಹಾಯಕಿಗೆ ತರಬೇತಿ ಕೊಟ್ಟಿದ್ದಿರಾ ಎಂದು ಕೇಳಿದರು. ಕೊಟ್ಟಿರಲಿಲ್ಲ. ಮುಂದಿನ ಶುಕ್ರವಾರದ ಎರಡನೆಯ ಪತ್ರದಲ್ಲಿ ಅದನ್ನು ಬರೆದೆವು. ಜೊತೆಗೆ, ಬುಧವಾರ 31 ಮಕ್ಕಳು ಗೈರಾಗಿದ್ದರಿಂದ 8.50ಕ್ಕೆ ಶುರುವಾದ ಫೋನ್ ಕರೆಗಳು ಮುಗಿಯುವಾಗ 9.25 ಆಗಿತ್ತೆಂದೂ, ಸೋಮವಾರದಿಂದ ಇಬ್ಬರು ಕುಳಿತು ಕರೆ ಮಾಡುತ್ತಾರೆಂದೂ ಬರೆದೆವು.