ಶ್ರೀನಿವಾಸಪುರದ ಮಾವು ಮಾರುವಾಗ ನಮ್ಮ ಮೆಸೇಜು ನಿಲ್ಲುತ್ತಿದ್ದ ಜಾಗಗಳು

ಇನ್‌ಸ್ಟಾಗ್ರಾಂನಲ್ಲಿ ಹೊಸ ಅಕೌಂಟ್ ತೆರೆದು ಪರಿಚಯ ಇಲ್ಲದವರಿಗೆ ಮೆಸೇಜ್ ಹಾಕಿದವರಿಗೆಲ್ಲ ಗೊತ್ತಿರುವ ವಿಷಯ: ಉತ್ತರ ಬರುವುದಿಲ್ಲ. ಮೆಸೇಜು ಅವರಿಗೆ ಮುಟ್ಟಲೇ ಇಲ್ಲವೋ, ಮುಟ್ಟಿದರೂ ಕಣ್ಣಿಗೆ ಬೀಳಲಿಲ್ಲವೋ, ನೋಡಿಯೂ ಸುಮ್ಮನಾದರೋ, ಕಳಿಸಿದವರ ಫೋನಿನಲ್ಲಿ ಇದೆಲ್ಲ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತದೆ. ಏನಾಗಿದೆ ಅಂತ ಬಿಡಿಸಿ ನೋಡಿದ ಮೇಲೆಯೇ ನಮ್ಮ ವ್ಯಾಪಾರ ಸರಿಹೋಯಿತು. ಹೇಗೆ ಬಿಡಿಸಿದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ನಮ್ಮದು ಶ್ರೀನಿವಾಸಪುರದ ಹತ್ತಿರ ಮಾವಿನ ತೋಟ. ತೋತಾಪುರಿ ಜ್ಯೂಸ್ ಫ್ಯಾಕ್ಟರಿಗೆ ಹೋಗುತ್ತದೆ. ಬಾದಾಮಿ, ರಸಪುರಿ, ಮಲ್ಲಿಕಾ ಮಾತ್ರ ಮಂಡಿಗೆ ಹಾಕದೆ, ಹುಲ್ಲಿನಲ್ಲಿ ಹಣ್ಣು ಮಾಡಿ, ಬಾಕ್ಸ್ ಕಟ್ಟಿ ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ನೇರವಾಗಿ ಕೊಡೋಣ ಅಂತ ತೀರ್ಮಾನ ಮಾಡಿದ್ದೆವು. ತೋಟದ ಹೆಸರಿನಲ್ಲಿ ಅಕೌಂಟ್ ತೆರೆದಿದ್ದಾಯಿತು. ಮೆಸೇಜ್ ಕಳಿಸುವ ಕೆಲಸ ನನ್ನ ಮೈದುನನದು. ಬೆಂಗಳೂರಿನ ತಿಂಡಿ-ತಿನಿಸಿನ ಪೇಜುಗಳನ್ನು ಫಾಲೋ ಮಾಡುವವರನ್ನು ಹುಡುಕಿ, ಹೆಚ್ಚಿನವರಿಗೆ ಒಂದೇ ಒಕ್ಕಣೆ, ಕೆಳಗೆ ಫೋನ್ ನಂಬರು, ಅದರ ಕೆಳಗೆ ಆರ್ಡರ್ ಫಾರ್ಮಿನ ಲಿಂಕು, ಹೀಗೆ ಕಳಿಸುತ್ತಿದ್ದ. "ಅತ್ತಿಗೆ, ಯಾರೂ Seen ಕೂಡ ಆಗ್ತಿಲ್ಲ, ನಮ್ಮ ನೆಟ್ಟೇ ಸರಿಯಿಲ್ಲ ಅನ್ಸುತ್ತೆ" ಅಂದ. ನೆಟ್ ಸರಿಯಾಗಿಯೇ ಇತ್ತು.

ಊಹೆ ಮಾಡುತ್ತಾ ಕೂರುವುದಕ್ಕಿಂತ ಪರೀಕ್ಷೆ ಮಾಡಿಬಿಡೋಣ ಅಂತ ಯಲಹಂಕದಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿದೆ. ಅವಳು ನನ್ನ ಗಂಡನ ಹಳೇ ಅಕೌಂಟನ್ನು ಫಾಲೋ ಮಾಡುತ್ತಾಳೆ, ತೋಟದ ಅಕೌಂಟನ್ನು ಮಾಡುತ್ತಿರಲಿಲ್ಲ. ಎರಡರಿಂದಲೂ ಒಂದೇ ಮಾತು ಕಳಿಸಿದೆವು. ಗಂಡನದು ಅವಳ ಇನ್‌ಬಾಕ್ಸಿನ ಮೇಲ್ತುದಿಯಲ್ಲಿ ಬಂತು. ತೋಟದ್ದು ಎಲ್ಲೂ ಕಾಣಲಿಲ್ಲ. ಮೆಸೇಜ್ ಪಟ್ಟಿಯ ಮೇಲ್ಗಡೆ ಇರುವ Requests ಒತ್ತು ಅಂದೆ. ಅಲ್ಲಿತ್ತು. ತೆರೆದಾಗ ಕೆಳಗೆ Block, Delete, Accept ಅಂತ ಮೂರು ಆಯ್ಕೆ. ಅವಳು ಪೂರ್ತಿ ಓದಿದಳು, ಆದರೂ ನಮ್ಮ ಫೋನಿನಲ್ಲಿ Seen ಬರಲಿಲ್ಲ. Accept ಒತ್ತಿದ ಮೇಲೆಯೇ ಬಂತು. ಅಂದರೆ Seen ಕಾಣದ ಮಾತ್ರಕ್ಕೆ ಓದಿಲ್ಲ ಅಂತ ಹೇಳುವ ಹಾಗಿಲ್ಲ. ಅವಳು Delete ಒತ್ತಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ.

ಇಲ್ಲಿ ತುಂಬ ಜನ ಎಡವುವ ಒಂದು ವಿಷಯ ಇದೆ. ತೋಟದ ಅಕೌಂಟಿನಿಂದ ನಾವು ನನ್ನ ತಂಗಿಯನ್ನು ಫಾಲೋ ಮಾಡಿದ್ದೆವು. ಅದರಿಂದ ಪ್ರಯೋಜನ ಇಲ್ಲ. ಯಾರಿಗೆ ಕಳಿಸುತ್ತೇವೋ ಅವರು ನಮ್ಮನ್ನು ಫಾಲೋ ಮಾಡುತ್ತಿದ್ದಾರಾ ಅನ್ನುವುದೇ ಲೆಕ್ಕ. ಸಾವಿರ ಜನರನ್ನು ನಾವು ಫಾಲೋ ಮಾಡಿ ಕೂತರೂ ಅವರ ಇನ್‌ಬಾಕ್ಸಿನ ಬಾಗಿಲು ತೆರೆಯುವುದಿಲ್ಲ. ತಂಗಿಯ ಪಕ್ಕದ ಮನೆಯವರು ಮೊದಲು ನಮ್ಮ ಅಕೌಂಟನ್ನು ಫಾಲೋ ಮಾಡಿ, ಆಮೇಲೆ ನಾವು ಅವರಿಗೆ ಕಳಿಸಿದಾಗ ಮೆಸೇಜು ನೇರ ಇನ್‌ಬಾಕ್ಸಿಗೆ ಹೋಯಿತು.

ತಂಗಿಯ ಫೋನಿನಲ್ಲಿ Requests ಒಳಗಡೆಯೇ ಇನ್ನೊಂದು ಫೋಲ್ಡರ್ ಕಂಡಿತು, Hidden requests. ಬೈಗುಳ ಇರುವ, ಮೋಸದ ವಾಸನೆ ಬರುವ ಮೆಸೇಜುಗಳನ್ನು ಇನ್‌ಸ್ಟಾಗ್ರಾಂ ತಾನೇ ಹೆಕ್ಕಿ ಅಲ್ಲಿಗೆ ಹಾಕುತ್ತದೆ. ಮನೆಯಲ್ಲೇ ಕೂತು ದಿನಕ್ಕೆ ಇಷ್ಟು ಸಂಪಾದಿಸಿ, ತಕ್ಷಣ ಸಾಲ, ನಿಮಗೆ ಬಹುಮಾನ ಬಂದಿದೆ ಅನ್ನುವಂಥವು ಸಾಲಾಗಿ ಬಿದ್ದಿದ್ದವು. ಎಲ್ಲದರ ಮೈಕಟ್ಟೂ ಒಂದೇ: ಗುರುತಿಲ್ಲದ ಅಕೌಂಟು, ಎಲ್ಲರಿಗೂ ಅಂಟಿಸಿದ ಒಕ್ಕಣೆ, ಒಂದು ನಂಬರು, ಒಂದು ಲಿಂಕು. ಮೈದುನನ ಮೆಸೇಜು ಒಳಗಿನ ವಿಷಯದಲ್ಲಿ ಬೇರೆಯಾದರೂ ಹೊರಗಿನ ಆಕಾರದಲ್ಲಿ ಅವುಗಳ ಹಾಗೇ ಇತ್ತು. ಮೆಸೇಜ್ ತಡೆಯುವ ವ್ಯವಸ್ಥೆಗೆ ನಮ್ಮ ತೋಟವೂ ಗೊತ್ತಿಲ್ಲ, ಹಣ್ಣಿನ ರುಚಿಯೂ ಗೊತ್ತಿಲ್ಲ. ಅಕೌಂಟಿನ ವಯಸ್ಸು, ಕಳಿಸುವ ವೇಗ, ಒಂದೇ ಮಾತು ಎಷ್ಟು ಜನಕ್ಕೆ ಹೋಯಿತು, ಎಷ್ಟು ಜನ ಉತ್ತರ ಕೊಟ್ಟರು, ಎಷ್ಟು ಜನ Block ಒತ್ತಿದರು, ಅದಕ್ಕೆ ಕಾಣುವುದು ಇಂಥವು. ಹಳೇ ಅಕೌಂಟಿಗೆ ವರ್ಷಗಳ ಮಾತುಕತೆಯ ಇತಿಹಾಸ ಇರುತ್ತದೆ. ಹೊಸದಕ್ಕೆ ಅದಿಲ್ಲ, ಹಾಗಾಗಿ ನಾಲ್ಕು ಜನ Block ಒತ್ತಿದರೂ ಅದೇ ಅದರ ಪೂರ್ತಿ ಚರಿತ್ರೆ ಆಗಿಬಿಡುತ್ತದೆ. ಎಷ್ಟು ಕಳಿಸಿದರೆ ತಡೆ ಬೀಳುತ್ತದೆ ಅನ್ನುವ ಅಂಕಿಯನ್ನು ಕಂಪನಿ ಹೊರಗೆ ಬಿಡುವುದಿಲ್ಲ. ಬಿಟ್ಟರೆ ಮೋಸಗಾರರು ಅದಕ್ಕಿಂತ ಒಂದು ಕಡಿಮೆ ಕಳಿಸುತ್ತಾರೆ. ಈ ಕಟ್ಟುನಿಟ್ಟು ಬೇಕು ಅಂತಲೇ ನನ್ನ ಅಭಿಪ್ರಾಯ. ಆ Hidden requests ಪಟ್ಟಿ ನೋಡಿದ ಯಾವ ಹೆಂಗಸೂ ಬೇಡ ಅನ್ನುವುದಿಲ್ಲ.

2023ರಿಂದ ಇನ್ನೊಂದು ಬಿಗಿ ಬಂದಿದೆ. ನಮ್ಮನ್ನು ಫಾಲೋ ಮಾಡದವರಿಗೆ ನಾವು ಕಳಿಸಬಹುದಾದದ್ದು ಒಂದೇ ಒಂದು ಮೆಸೇಜು, ಅದೂ ಬರೀ ಅಕ್ಷರ. ಫೋಟೋ, ವಿಡಿಯೋ, ವಾಯ್ಸ್ ಯಾವುದೂ ಅವರು Accept ಮಾಡುವ ತನಕ ಹೋಗುವುದಿಲ್ಲ. ಕೆಲವರಿಗೆ ಮೈದುನ ಮೊದಲು "ಹಾಯ್ ಮೇಡಂ" ಅಂತ ಕಳಿಸಿ, ಅವರು ಮಾತಾಡಿದ ಮೇಲೆ ಹಣ್ಣಿನ ಫೋಟೋ ಹಾಕೋಣ ಅಂತ ಕಾಯುತ್ತಿದ್ದ. ಆ "ಹಾಯ್ ಮೇಡಂ"ಗೇ ಇದ್ದ ಒಂದು ಅವಕಾಶವೂ ಮುಗಿದಿತ್ತು. ಇನ್ನು ಹದಿನೆಂಟು ತುಂಬದ ಮಕ್ಕಳ ಅಕೌಂಟಿಗೆ, ಅವರೇ ಫಾಲೋ ಮಾಡದ ದೊಡ್ಡವರು ಮೆಸೇಜ್ ಕಳಿಸುವ ಹಾಗೇ ಇಲ್ಲ. ಅದು 2021ರಲ್ಲೇ ಬಂದ ನಿಯಮ.

ಇಲ್ಲಿಯವರೆಗೆ ಹೇಳಿದ್ದು ಮೆಸೇಜು ಹೋಗಿ ಬೇರೆ ಮೂಲೆಯಲ್ಲಿ ಕೂರುವ ಸಂಗತಿ. ಹೋಗದೇ ಇರುವುದು ಬೇರೆ, ಅದರಲ್ಲೂ ಎರಡು ಬಗೆ. ಕೆಲವರು ತಮ್ಮ ಸೆಟ್ಟಿಂಗ್ಸಿನ Message controls ಒಳಗೆ, ಗುರುತಿಲ್ಲದವರ ರಿಕ್ವೆಸ್ಟೇ ಬೇಡ ಅಂತ ಮುಚ್ಚಿರುತ್ತಾರೆ. ಆಗ ಇವರು ಎಲ್ಲರಿಂದ ಮೆಸೇಜ್ ತೆಗೆದುಕೊಳ್ಳುವುದಿಲ್ಲ ಅನ್ನುವ ಅರ್ಥದ ಸೂಚನೆ ಆ ಒಬ್ಬರ ಚಾಟಿನಲ್ಲಿ ಮಾತ್ರ ಬರುತ್ತದೆ. ಬೇರೆಯವರಿಗೆ ಕಳಿಸಲು ಅಡ್ಡಿಯಿಲ್ಲ. ಅದು ಅವರ ಇಷ್ಟ, ಅಲ್ಲಿಗೆ ಬಿಡಬೇಕು. ಎರಡನೆಯದು ನಮ್ಮ ಅಕೌಂಟಿನ ಮೇಲೆಯೇ ಬೀಳುವ ತಡೆ. ಮೈದುನ ಒಂದು ಸಂಜೆ ಸಾಲಾಗಿ ಅಂಟಿಸುತ್ತಾ ಹೋಗುತ್ತಿದ್ದಾಗ Try Again Later ಅಂತ ಬಂತು. ಆಮೇಲೆ ಯಾರಿಗೆ ಕಳಿಸಲು ಹೋದರೂ ಅದೇ. ಹೀಗೆ ಎಲ್ಲರಿಗೂ ಒಟ್ಟಿಗೆ ನಿಂತರೆ ತಡೆ ನಮ್ಮ ಕಡೆ ಇದೆ ಅಂತ ತಿಳಿಯಬೇಕು. ಸೆಟ್ಟಿಂಗ್ಸಿನಲ್ಲಿ Account Status ಅಂತ ಇದೆ, ಅಕೌಂಟಿನ ಮೇಲೆ ಕ್ರಮ ಏನಾದರೂ ಇದ್ದರೆ ಅಲ್ಲಿ ತೋರಿಸುತ್ತದೆ.

"ಇನ್ನೊಂದು ಅಕೌಂಟ್ ಮಾಡಿಬಿಡ್ಲಾ ಅತ್ತಿಗೆ?" ಅಂದ. ಬೇಡ ಅಂದೆ. ಅದೇ ಫೋನಿನಿಂದ, ಅದೇ ಒಕ್ಕಣೆಯೊಂದಿಗೆ, ಅದಕ್ಕಿಂತಲೂ ಹೊಸ ಅಕೌಂಟು ಹೊರಟರೆ ಅನುಮಾನ ಹೆಚ್ಚುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ. ಪಾಸ್‌ವರ್ಡ್ ಕೊಡಿ, ನಾವೇ ಸಾವಿರಾರು ಜನಕ್ಕೆ ಕಳಿಸುತ್ತೇವೆ ಅನ್ನುವ ಆ್ಯಪುಗಳ ಹತ್ತಿರವಂತೂ ಸುಳಿಯಬಾರದು. ಕೆಲವು ದಿನ ಮೆಸೇಜ್ ನಿಲ್ಲಿಸಿ, ತೋಟದ ಫೋಟೋ, ಹಣ್ಣು ಹುಲ್ಲಿಗೆ ಹಾಕುವ ವಿಡಿಯೋ ಮಾತ್ರ ಹಾಕುತ್ತಿದ್ದೆವು. ತಡೆ ತಾನಾಗಿ ಬಿಟ್ಟಿತು.

ಆಮೇಲೆ ನಾವು ದಿಕ್ಕನ್ನೇ ತಿರುಗಿಸಿದೆವು. ಗಿರಾಕಿ ಮೊದಲು ಮೆಸೇಜ್ ಕಳಿಸಿದರೆ ಅದು ಅವರೇ ಶುರು ಮಾಡಿದ ಮಾತು. ನಮ್ಮ ಉತ್ತರ ಅವರ ಇನ್‌ಬಾಕ್ಸಿಗೇ ಹೋಗುತ್ತದೆ, ಫೋಟೋ ಬೆಲೆಪಟ್ಟಿ ಎಲ್ಲ ಕಳಿಸಬಹುದು. ಹಾಗಾಗಿ ನಾವು ಅವರನ್ನು ಹುಡುಕುವ ಬದಲು ಅವರು ನಮಗೆ ಬರೆಯುವುದನ್ನು ಸಲೀಸು ಮಾಡಬೇಕಿತ್ತು. ಅಕೌಂಟನ್ನು ಬಿಸಿನೆಸ್ ಅಕೌಂಟ್ ಮಾಡಿಕೊಂಡು ಈ ಥರದ ಲಿಂಕ್ ತಯಾರಿಸಿದೆವು:

```
https://ig.me/m/username
```

username ಇರುವಲ್ಲಿ ನಮ್ಮ ಅಕೌಂಟಿನ ಹೆಸರು. ಇದನ್ನು ಒತ್ತಿದರೆ ನಮ್ಮ ಚಾಟ್ ನೇರವಾಗಿ ತೆರೆಯುತ್ತದೆ. ಇದಕ್ಕೊಂದು ಕ್ಯೂಆರ್ ಮಾಡಿಸಿ, ಕೋಲಾರದಲ್ಲಿ ಸ್ಟಿಕರ್ ಪ್ರಿಂಟ್ ಹಾಕಿಸಿ, ಪ್ರತಿ ಬಾಕ್ಸಿನ ಮುಚ್ಚಳದ ಮೇಲೆ ಅಂಟಿಸಿದೆವು. ಕೆಳಗೆ "ಇನ್ನೊಂದು ಬಾಕ್ಸ್ ಬೇಕಾ? ಸ್ಕ್ಯಾನ್ ಮಾಡಿ ಬರೆಯಿರಿ" ಅಂತ ಒಂದು ಸಾಲು. ಹಣ್ಣು ತಿಂದವರು, ಅವರ ಮನೆಗೆ ಬಂದ ನೆಂಟರು ಬರೆಯಲು ಶುರು ಮಾಡಿದರು. ಪೋಸ್ಟಿನ ಕೆಳಗೆ ರೇಟ್ ಕೇಳಿದವರಿಗೂ ನಾವಾಗಿ ಮೆಸೇಜ್ ಕಳಿಸುವುದನ್ನು ಬಿಟ್ಟೆವು, ಏಕೆಂದರೆ ಕಮೆಂಟ್ ಹಾಕಿದವರು ನಮ್ಮನ್ನು ಫಾಲೋ ಮಾಡದಿದ್ದರೆ ಆ ಮೆಸೇಜೂ Requests ಸೇರುತ್ತದೆ. ರೇಟನ್ನು ಅಲ್ಲೇ ಎಲ್ಲರಿಗೂ ಕಾಣುವ ಹಾಗೆ ಬರೆದು, ಆರ್ಡರಿಗೆ ನಮಗೊಂದು ಮೆಸೇಜ್ ಹಾಕಿ ಅನ್ನುತ್ತೇವೆ.

ಹೀಗೆ ಮಾಡಿದಾಗ ಕೆಲಸ ಒಂದು ಹೆಚ್ಚುತ್ತದೆ. ಅವರು ಕಳಿಸಿದ್ದು ನಮ್ಮ Requests ಫೋಲ್ಡರಿಗೆ ಬೀಳುತ್ತದೆ, ಏಕೆಂದರೆ ನಾವೂ ಅವರನ್ನು ಫಾಲೋ ಮಾಡಿರುವುದಿಲ್ಲ. ಬೆಳಿಗ್ಗೆ ಬಾಕ್ಸ್ ಕಟ್ಟುವ ಮೊದಲು ಒಂದು ಸಲ, ರಾತ್ರಿ ಊಟ ಆದ ಮೇಲೆ ಒಂದು ಸಲ Requests ನೋಡುವುದು ಈಗ ನನ್ನ ಪಾಲಿನ ಕೆಲಸ, Hidden requests ಸೇರಿಸಿ. ಹೋದ ಸೀಸನ್ನಿನಲ್ಲಿ ಜಕ್ಕೂರಿನ ಕಡೆಯ ಒಬ್ಬರು ರಸಪುರಿ ಬೇಕು ಅಂತ ಬರೆದು, ಮನೆಯ ಮ್ಯಾಪ್ ಲಿಂಕ್ ಹಾಕಿದ್ದರು. ಅದು ಸಾಲ ಕೊಡುವವರ ಮೆಸೇಜುಗಳ ಮಧ್ಯೆ ಸಿಕ್ಕಿತು.

ನಾವಾಗಿಯೇ ಗುರುತಿಲ್ಲದವರಿಗೆ ಬರೆಯುವುದು ಈಗಲೂ ಪೂರ್ತಿ ನಿಂತಿಲ್ಲ. ಹೊಸ ಅಪಾರ್ಟ್‌ಮೆಂಟಿಗೆ ಹೋಗಬೇಕಾದರೆ ಅಲ್ಲಿಯ ಅಸೋಸಿಯೇಷನ್ನಿನವರನ್ನು ಕೇಳಲೇಬೇಕು. ಇರುವುದು ಒಂದೇ ಮೆಸೇಜು ಅನ್ನುವುದನ್ನು ನೆನಪಿಟ್ಟುಕೊಂಡು ಹೀಗೆ ಬರೆಯುತ್ತೇನೆ: "ನಮಸ್ಕಾರ ಮೇಡಂ, ನಿಮ್ಮ ಬಿ ಬ್ಲಾಕಿನವರೊಬ್ಬರು ಹೋದ ವರ್ಷ ನಮ್ಮ ತೋಟದ ಬಾದಾಮಿ ತಗೊಂಡಿದ್ದರು, ಅವರೇ ನಿಮ್ಮನ್ನು ಕೇಳಿ ಅಂದರು. ನಾವು ಶ್ರೀನಿವಾಸಪುರದ ಮಾವು ಬೆಳೆಗಾರರು. ಈ ಶನಿವಾರ ಬೆಳಿಗ್ಗೆ ನಿಮ್ಮ ಗೇಟಿನ ಹತ್ತಿರ ಬಾಕ್ಸ್ ತರಬಹುದಾ?" ಪಟ್ಟಿಯಲ್ಲಿ ಮೊದಲು ಕಾಣುವುದು ಮೆಸೇಜಿನ ಶುರುವಿನ ಕೆಲವು ಪದ ಮಾತ್ರ, ಅದಕ್ಕೇ ಅವರ ಬ್ಲಾಕಿನ ಮಾತು ಮುಂದೆ ಇರುತ್ತದೆ. ಲಿಂಕಿಲ್ಲ, ನಂಬರಿಲ್ಲ, ಹೌದು ಅಥವಾ ಬೇಡ ಅಂತ ಹೇಳಬಹುದಾದ ಒಂದೇ ಪ್ರಶ್ನೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ, ಅವರಿಗೇ ಹೊಂದುವ ಹಾಗೆ ಬರೆಯಬೇಕು. ಹಾಗೆ ಬರೆದು ಕಳಿಸುವಷ್ಟು ಪುರುಸೊತ್ತಿದ್ದರೆ ಮಾತ್ರ ಕಳಿಸುತ್ತೇವೆ.

ವಾಟ್ಸ್ಆ್ಯಪ್‌ನಲ್ಲಿ ಲೆಕ್ಕ ಬೇರೆ. ಬ್ರಾಡ್‌ಕಾಸ್ಟ್ ಲಿಸ್ಟಿಗೆ ಗಿರಾಕಿಗಳನ್ನೆಲ್ಲ ಸೇರಿಸಿ ಮಲ್ಲಿಕಾ ಬಂದಿದೆ ಅಂತ ಹಾಕಿದರೂ, ತಮ್ಮ ಫೋನಿನಲ್ಲಿ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಈ ಸಲದ ಸ್ಟಿಕರಿನಲ್ಲಿ ಕ್ಯೂಆರ್ ಪಕ್ಕದಲ್ಲೇ ನಂಬರ್ ಹಾಕಿಸಿ, "ಸೇವ್ ಮಾಡಿಕೊಳ್ಳಿ, ಹಣ್ಣು ಬಂದಾಗ ತಿಳಿಸುತ್ತೇವೆ" ಅಂತ ಸೇರಿಸಿದ್ದೇವೆ.