ಇಳಕಲ್ ಸೀರೆಯ ಕೈಪಿಡಿಯನ್ನು ಹೊರದೇಶದ ಗ್ರಾಹಕರಿಗಾಗಿ ತಿದ್ದಿದ ಅನುಭವ

ಪರಿಚಿತ ನೇಕಾರ ಕುಟುಂಬವೊಂದು ಹೊರದೇಶಗಳಿಗೆ ಕಳುಹಿಸುತ್ತಿದ್ದ ಇಳಕಲ್ ಸೀರೆಗಳ ಬಗ್ಗೆ ಒಂದೇ ದೂರು ಮತ್ತೆ ಮತ್ತೆ ಬರುತ್ತಿತ್ತು: ಸೆರಗಿನ ಬುಡದಲ್ಲಿ ಅಡ್ಡಗೆರೆ ಇದೆ, ಹರಿದದ್ದನ್ನು ಹೊಲಿದು ಮಾರಿದ್ದೀರಿ. ಆ ಗೆರೆ ದೋಷವಲ್ಲ, ತೋಪು ತೆನೆಯ ಜೋಡಣೆ. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ರೇಷ್ಮೆ ಹಾಸಿನ ಎಳೆಗಳನ್ನೂ ಮಗ್ಗದ ಮೇಲೆಯೇ ಕುಣಿಕೆಯಂತೆ ಒಂದಕ್ಕೊಂದು ಸಿಕ್ಕಿಸಿ ನೇಯುವುದರಿಂದ ಅದು ಮೂಡುತ್ತದೆ. ಹೀಗಾಗಿ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕಾಗುತ್ತದೆ. ಊರಿನ ಅಂಗಡಿಯಲ್ಲಿ ಸೀರೆಯನ್ನು ಬಿಡಿಸಿ ತೋರಿಸುವವರಿರುತ್ತಾರೆ, ದೂರದ ಗ್ರಾಹಕರಿಗೆ ಕೈಪಿಡಿಯೊಂದೇ ಆಧಾರ.

ಆದ್ದರಿಂದ ಹಳೆಯ ಪ್ರತಿಯಲ್ಲಿದ್ದ ಹೊಗಳಿಕೆಯ ಸಾಲುಗಳನ್ನು ತೆಗೆದು, ಜೋಡಣೆಯ ಮುಂಬದಿ ಮತ್ತು ಹಿಂಬದಿಯ ಹತ್ತಿರದ ಚಿತ್ರಗಳನ್ನು ಮೊದಲ ಪುಟದಲ್ಲಿಯೇ ಇಟ್ಟು, ಕೆಳಗೆ ಹೀಗೆ ಬರೆದೆ: “ಸೆರಗು ಆರಂಭವಾಗುವಲ್ಲಿ ತೆಳುವಾದ ಉಬ್ಬುಗೆರೆಯನ್ನು ಕಾಣುವಿರಿ. ಅದು ಎರಡು ಹಾಸುಗಳು ಸೇರಿದ ಜಾಗ. ಹಿಂಬದಿಯನ್ನು ತಿರುಗಿಸಿ ನೋಡಿದರೆ ಹೊಲಿಗೆಯ ದಾರವಿಲ್ಲ, ಕುಣಿಕೆಗಳ ಸಾಲಿದೆ.”

ಇನ್ನೊಂದು ತಿದ್ದುಪಡಿಯೂ ನನಗೆ ಅಷ್ಟೇ ಮುಖ್ಯವೆನಿಸಿತು. ಸೆರಗು ರೇಷ್ಮೆಯಾದರೂ ಒಡಲು ಹತ್ತಿಯದೋ ಕೃತಕ ರೇಷ್ಮೆಯದೋ ಆಗಿರಬಹುದಾದ್ದರಿಂದ, “ರೇಷ್ಮೆ ಸೀರೆ” ಎಂಬ ಒಂದೇ ಮಾತಿನ ಬದಲು ಒಡಲು, ಅಂಚು, ಸೆರಗುಗಳ ನೂಲನ್ನು ಬೇರೆ ಬೇರೆಯಾಗಿ ನಮೂದಿಸಿದೆವು. ಒಗೆಯುವ ಸೂಚನೆಯನ್ನೂ ಅದಕ್ಕೆ ತಕ್ಕಂತೆ ಬದಲಿಸಿ, ಕೆಂಪು ಸೆರಗು ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆಯಿಂದ ಮೂಲೆಯಲ್ಲಿ ಒತ್ತಿ ನೋಡಲು ತಿಳಿಸಿದೆವು. ಅನಂತರ ಬಂದ ವಿಚಾರಣೆಗಳಲ್ಲಿ ಗ್ರಾಹಕರು ಆ ಗೆರೆ ಇದೆಯೇ ಎಂದು ತಾವಾಗಿಯೇ ಕೇಳತೊಡಗಿದರು.