ಸಪೋರ್ಟ್‌ನಿಂದ ಪ್ರಾಡಕ್ಟ್ ತಂಡಕ್ಕೆ: ಕವರ್ ಲೆಟರ್ ಬರೆಯುವುದು ಹೇಗೆ?

ಪತ್ರಕ್ಕೆ ಕೈ ಹಾಕುವ ಮೊದಲು ನಿಮ್ಮ ಮ್ಯಾನೇಜರ್‌ಗೆ ವಿಷಯ ತಿಳಿಸಿ. ಎಚ್‌ಆರ್ ಬಾಯಿಂದ ಕೇಳಿದರೆ ಅವರಿಗೆ ಬೇಜಾರಾಗುತ್ತದೆ. ಈಗಿನ ಹುದ್ದೆಯಲ್ಲಿ ಕನಿಷ್ಠ ಇಷ್ಟು ತಿಂಗಳು ಇರಬೇಕು ಅನ್ನುವ ನಿಯಮ ನಿಮ್ಮಲ್ಲಿದೆಯಾ, ಅದನ್ನೂ ನೋಡಿಕೊಳ್ಳಿ.

ಮೊದಲ ಪ್ಯಾರಾಕ್ಕೆ ಎರಡು ಸಾಲು ಸಾಕು: ಯಾವ ಹುದ್ದೆ, ಈಗ ಯಾವ ಕ್ಯೂ ನೋಡುತ್ತಿದ್ದೀರಿ. ಕಂಪನಿಯನ್ನು ಹೊಗಳಬೇಡಿ, ಓದುವವರೂ ಅಲ್ಲೇ ಕೆಲಸ ಮಾಡುವವರು.

ಎಲ್ಲರೂ ಎಡವುವುದು ಎರಡನೇ ಪ್ಯಾರಾದಲ್ಲಿ. 'ದಿನಕ್ಕೆ 60 ಟಿಕೆಟ್ ಮುಗಿಸುತ್ತೇನೆ, ರೇಟಿಂಗ್ ಚೆನ್ನಾಗಿದೆ' ಅಂತ ಬರೆಯುತ್ತಾರೆ. ಇದನ್ನು ಓದಿದವರಿಗೆ 'ಇವರು ಸಪೋರ್ಟ್‌ನಲ್ಲೇ ಇರಲಿ' ಅನ್ನಿಸುತ್ತದೆ, ಅಷ್ಟೇ. ಅಲ್ಲಿ ಬೇಕಿರುವುದು ಒಂದೇ ಒಂದು ಸಮಸ್ಯೆ, ಬುಡದವರೆಗೆ.

ಒಂದು ಶಾಪಿಂಗ್ ಆ್ಯಪ್ ಅಂದುಕೊಳ್ಳಿ. ಯುಪಿಐನಲ್ಲಿ ದುಡ್ಡು ಕಟ್ ಆಗಿದೆ, ಆರ್ಡರ್ ಆಗಿಲ್ಲ. ಅಂಗಡಿಗೆ ಮಾಡಿದ ಇಂಥ ಪಾವತಿ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು ಅಂತ ಆರ್‌ಬಿಐ 2019ರಲ್ಲೇ ಹೇಳಿದೆ. ಆದರೆ ಆ್ಯಪ್ ತೋರಿಸುವುದು 'ಪಾವತಿ ವಿಫಲ' ಅಂತ ಮಾತ್ರ. ಗಿರಾಕಿ ಮರುದಿನವೇ ಟಿಕೆಟ್ ಹಾಕುತ್ತಾರೆ. ಪತ್ರದಲ್ಲಿ ಇದು ಹೀಗೆ ಬರಲಿ:

'ರೀಫಂಡ್ ಟ್ಯಾಗ್ ಇದ್ದ 200 ಟಿಕೆಟ್ ಓದಿದೆ. 120ರಲ್ಲಿ ಐದು ದಿನ ಇನ್ನೂ ಮುಗಿದಿರಲಿಲ್ಲ. ಅವರ ಪ್ರಶ್ನೆ "ಯಾವಾಗ ಬರುತ್ತೆ?" ಅನ್ನುವುದೊಂದೇ. ನಮ್ಮ ರೆಡಿಮೇಡ್ ಉತ್ತರಕ್ಕೆ ಕೊನೆಯ ದಿನಾಂಕ ಸೇರಿಸಿದ ಮೇಲೆ ಅದೇ ಗಿರಾಕಿ ಮತ್ತೆ ಬರೆಯುವುದು ಕಡಿಮೆಯಾಯಿತು. ದಿನಾಂಕ ಸ್ಕ್ರೀನ್‌ನಲ್ಲೇ ಕಂಡರೆ ಮೊದಲ ಟಿಕೆಟ್ಟೂ ತಪ್ಪಬಹುದು. ಅದನ್ನು ಪರೀಕ್ಷಿಸಿ ನೋಡಬೇಕು.'

ಕೊನೆಯ ವಾಕ್ಯವನ್ನು ಬಿಡಲೇಬೇಡಿ. ಉತ್ತರ ಬದಲಿಸಿದ್ದು ಟಿಕೆಟ್ ಬಂದ ಮೇಲೆ. ಸ್ಕ್ರೀನ್ ಬದಲಿಸಿದರೆ ಏನಾಗುತ್ತದೋ ಅದು ಇನ್ನೂ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಯಾವುದು, ಊಹೆ ಯಾವುದು ಅಂತ ಬೇರೆ ಮಾಡಿ ಬರೆದವರ ಮಾತನ್ನು ಪ್ರಾಡಕ್ಟ್‌ನವರು ನಂಬುತ್ತಾರೆ.

ಅಂಕಿ ತೆಗೆಯುವಾಗ ಡ್ಯಾಶ್‌ಬೋರ್ಡ್ ನಂಬಿ ಕೂರಬೇಡಿ. ಅವಸರದಲ್ಲಿ ಪಟ್ಟಿಯ ಮೊದಲ ಟ್ಯಾಗ್ ಒತ್ತಿ ಮುಗಿಸುವವರು ಪ್ರತಿ ಶಿಫ್ಟ್‌ನಲ್ಲೂ ಇರುತ್ತಾರೆ, ಅಲ್ವಾ? ಟಿಕೆಟ್ ತೆರೆದು ಓದಿ. ಹಬ್ಬದ ಸೇಲ್ ವಾರವನ್ನು ಮಾಮೂಲಿ ವಾರದ ಜೊತೆ ಹೋಲಿಸಬೇಡಿ. ಗಿರಾಕಿಯ ಹೆಸರು, ಫೋನ್ ನಂಬರ್, ಯುಪಿಐ ಐಡಿ ಪತ್ರದಲ್ಲಿ ಬರಕೂಡದು.

ಇಂಟರ್ನೆಟ್‌ನಲ್ಲಿ ಸಿಗುವ ಮಾದರಿ ಪತ್ರಗಳ ಸಹವಾಸ ಬೇಡ. ಎಲ್ಲದರಲ್ಲೂ 'ಉತ್ಸಾಹಿ', 'ತಂಡದ ಆಟಗಾರ' ಅಂತ ಸುಮ್ನೆ ತುಂಬಿರುತ್ತಾರೆ. ನೈಟ್ ಶಿಫ್ಟ್ ಸಾಕಾಗಿದೆ ಅನ್ನುವುದನ್ನೂ ಬರೆಯಬೇಡಿ, ನಿಜವಾದರೂ.

ಬರದ ಕೆಲಸವನ್ನು ಮುಚ್ಚಿಡಬೇಡಿ. 'ಎಸ್‌ಕ್ಯುಎಲ್ ಈಗ ಕಲಿಯುತ್ತಿದ್ದೇನೆ' ಅಂತ ಒಂದು ಸಾಲು ಹಾಕಿ. ಕೊನೆಗೆ, ನಿಮ್ಮ ಕ್ಯೂ ಯಾರಿಗೆ ಒಪ್ಪಿಸಬಹುದು, ಅದಕ್ಕೆ ಎಷ್ಟು ವಾರ ಬೇಕು ಅಂತ ಮ್ಯಾನೇಜರ್ ಜೊತೆ ಮಾತಾಡಿ ಬರೆಯಿರಿ. ಒಂದು ಪುಟ ದಾಟಿದರೆ ಮೊದಲ ಪ್ಯಾರಾವನ್ನೇ ಕತ್ತರಿಸಿ, ಟಿಕೆಟ್‌ನ ಕಥೆಯನ್ನಲ್ಲ.